ಸಹಾಯ ಬೇಕು: ಅಜ್ಜಿ ಬರದಿಟ್ಟ ಶೇಂಗಾ ಹೋಳಿಗಿ ಚೀಟಿ

ನಮಸ್ಕಾರ್ರಿ. ಬಾಗಲಕೋಟಿ ಕಡೆ ಅಕ್ಕಾರು, ಕಾಕುಗಳು ಸ್ವಲ್ಪ ಹೇಳ್ರಿ. ಈ ಚೀಟಿನ ಹೊರದೇಶದಾಗಿರೋ ತಮ್ಮನ ಹೆಂಡತಿಗೆ ಇಂಗ್ಲಿಷಿನಾಗ ಬರದು ಕಳಸಬೇಕು. "ಶೇಂಗಾ ಎರಡು ಬೊಗಸಿ, ಬೆಲ್ಲ ಮೂರು ಹಿಡಿ, ಕೆಂಪಗಾಗೂತನಕ ಹುರಿ", ಅಷ್ಟ ಐತಿ.

ಅವ್ವನ ಬೊಗಸಿ ತೂಗಿದೆ, ಎರಡಕ್ಕ ಸುಮಾರು 300 ಗ್ರಾಂ ಶೇಂಗಾ. ಗೊಂದಲ ಇರೂದು ಬೆಲ್ಲದ್ದು. ಹೆರದ ಬೆಲ್ಲ ಸಡ್ಲ ಹಿಡದ್ರ ಮೂರು ಹಿಡಿಗೆ 120 ಗ್ರಾಂ, ಒತ್ತಿ ಹಿಡದ್ರ 210. ಹೆಚ್ಚಾದ್ರ ಹೂರಣ ಕರಗಿ ಹಂಚಿನ ಮ್ಯಾಲ ಸೋರತೈತಿ, ಕಡಿಮಿಯಾದ್ರ ಉದುರುದುರಾಗಿ ಲಟ್ಟಸೂವಾಗ ಕಣಕ ಹರಿತೈತಿ.

ಹುರಿಯೂದಕ್ಕ ನಿಮಿಷ ಹಾಕಿಲ್ಲ, ಬಾಣಲಿ ದಪ್ಪದ ಮ್ಯಾಲ ಬದಲಾಗ್ತೈತಲ್ಲ. "ಸಣ್ಣ ಉರಿ, ತಿಕ್ಕಿದ್ರ ಸಿಪ್ಪಿ ಬಿಡಬೇಕು" ಅಂತ ಬರದೇನಿ. ಸರಿ ಐತೇನ್ರಿ?

300 ಗ್ರಾಂ ಶೇಂಗಾಕ್ಕ ನೀವು ಬೆಲ್ಲ ಎಷ್ಟು ಹಾಕ್ತೀರಿ? ತೂಕದಾಗ ಹೇಳ್ರಿ, "ಅಂದಾಜಿಲೆ" ಅನಬ್ಯಾಡ್ರಿ.