ಅಪ್‌ಡೇಟ್: λ ಯಾಕೆ ತಪ್ಪು ಬರುತ್ತಿತ್ತು ಅಂತ ಗೊತ್ತಾಯ್ತು

ನನ್ನ ಪ್ರಶ್ನೆ: "ಫೋಟೋದಲ್ಲಿರೋ ಕೈಬರಹದ 8 ಅಳತೆಗಳಿಂದ ಎಕ್ಸ್‌ಪೊನೆನ್ಶಿಯಲ್ λ ಗೆ ಎಂಎಲ್‌ಇ ಬೇಕು. ನನಗೆ 0.444 ಬರುತ್ತೆ, ಕೊಟ್ಟಿರೋ ಉತ್ತರ 0.667. ಎಲ್ಲಿ ತಪ್ಪು?"

ಸೂತ್ರದಲ್ಲಿ ತಪ್ಪಿರಲಿಲ್ಲ, ಓದಿದ್ದರಲ್ಲಿ ಇತ್ತು. ಲಾಗ್ ಲೈಕ್ಲಿಹುಡ್ ಹೀಗಿದೆ:

```
l(λ) = n ln λ − λ Σx
n/λ − Σx = 0  →  λ̂ = n/Σx
```

ಇಲ್ಲಿ ಅಳತೆಗಳು ಬರೋದು ಮೊತ್ತದ ರೂಪದಲ್ಲಿ ಮಾತ್ರ. ಹಾಗಾಗಿ ಉತ್ತರದಿಂದ ಹಿಂದಕ್ಕೆ ಹೋಗಿ ನೋಡಿ ಅಂತ ಒಬ್ಬರು ಹೇಳಿದ್ದು ತುಂಬಾ ಉಪಯೋಗಕ್ಕೆ ಬಂತು. 8 ನ್ನು 0.667 ರಿಂದ ಭಾಗಿಸಿದರೆ ಮೊತ್ತ ಸುಮಾರು 12. ನನ್ನದು 18. ಸರಿಯಾಗಿ 6 ಜಾಸ್ತಿ! ಒಂದು ಕಡೆ 1 ನ್ನು 7 ಅಂತ ಓದಿದರೆ ಇಷ್ಟೇ ವ್ಯತ್ಯಾಸ ಬರುತ್ತೆ ಅಲ್ವಾ?

ಫೋಟೋ ದೊಡ್ಡದು ಮಾಡಿ ನೋಡಿದೆ. 1.7 ರಲ್ಲಿರೋ 7 ಕ್ಕೆ ನಡುವೆ ಅಡ್ಡಗೆರೆ ಇದೆ. ನಾನು 7.4 ಅಂತ ಓದಿದ್ದರಲ್ಲಿ ಆ ಗೆರೆ ಇಲ್ಲ, ತಲೆಯಲ್ಲಿ ಸಣ್ಣ ಕೊಕ್ಕೆ ಮಾತ್ರ. ಅದು 1.4!

```
0.8 1.7 2.4 0.5 3.1 1.2 0.9 1.4
Σx = 12.0,  λ̂ = 8/12 = 0.667
```

ಅಳತೆಗಳನ್ನು ಸುಮ್ನೆ ನೋಡಿದ್ದರೆ ಇದು ಸಿಗುತ್ತಿರಲಿಲ್ಲ. ಎಕ್ಸ್‌ಪೊನೆನ್ಶಿಯಲ್‌ನಲ್ಲಿ ಒಂದೊಂದು ದೊಡ್ಡ ಬೆಲೆ ಬರೋದು ಸಹಜ, 7.4 ಕೂಡ ನಂಬುವ ಹಾಗೇ ಇತ್ತು.

ಇನ್ನೊಬ್ಬರು ಕೇಳಿದ 7/12 = 0.583 ಬಗ್ಗೆ: ಅದು (n−1)/Σx, ಬಯಸ್ ತೆಗೆದ ಅಂದಾಜು. ಎಂಎಲ್‌ಇ ಸರಾಸರಿಯಲ್ಲಿ λ ಗಿಂತ ಸ್ವಲ್ಪ ಜಾಸ್ತಿ ಕೊಡುತ್ತೆ ನಿಜ, ಆದರೆ ಇಲ್ಲಿ ಕೇಳಿದ್ದು ಎಂಎಲ್‌ಇ, ಆದ್ದರಿಂದ 0.667 ನ್ನೇ ಬರೆದೆ. ಸಹಾಯ ಮಾಡಿದ ಇಬ್ಬರಿಗೂ ಧನ್ಯವಾದ.