ಅಟೆಸ್ಟೆಡ್, ಘೋಷಣೆ, ಕೌಂಟರ್‌ಫಾಯಿಲ್: ಮೊದಲ ಅರ್ಜಿ, ಅನುಭವ ಇದ್ದವರು ಹೇಳಿ

ಹೊಸಬಳು: ಮೊದಲ ಸಲ ಸರ್ಕಾರಿ ಕೆಲಸಕ್ಕೆ ಅರ್ಜಿ ತುಂಬುತ್ತಿದ್ದೇನೆ. ಆನ್‌ಲೈನ್ ಅಲ್ಲ, ಕಾಗದದ್ದು. ಅಂಕಪಟ್ಟಿಯ ‘ಅಟೆಸ್ಟೆಡ್’ ಪ್ರತಿ ಕೇಳಿದ್ದಾರೆ. ಕೊನೆಯಲ್ಲಿ ‘ಅರ್ಜಿದಾರರ ಘೋಷಣೆ’ ಇದೆ. ಚಲನ್‌ನ ‘ಕೌಂಟರ್‌ಫಾಯಿಲ್’ ಕೂಡ ಇದೆ. ಯಾವುದಕ್ಕೆ ಯಾರ ಸಹಿ ಬೇಕು? ಯಾವ ತುಂಡು ನನ್ನ ಹತ್ತಿರ ಉಳಿಯಬೇಕು?

ಹಸಿರು ಶಾಯಿ: ಅಟೆಸ್ಟೆಡ್ ಅಂದರೆ ನಕಲು ಒರಿಜಿನಲ್‌ನಂತೆಯೇ ಇದೆ ಅಂತ ಗೆಜೆಟೆಡ್ ಆಫೀಸರ್ ಹಾಕುವ ಸಹಿ, ಅಷ್ಟೇ. 2011ರಲ್ಲಿ ನನ್ನ ಗೋಳು ಕೇಳಿ. ಒಬ್ಬ ಪ್ರಿನ್ಸಿಪಾಲರು ‘ನೀನು ನಮ್ಮ ಕಾಲೇಜಿನವನಲ್ಲ’ ಅಂದರು. ಇನ್ನೊಬ್ಬ ಅಧಿಕಾರಿ ಸಹಿ ಹಾಕಿದರು, ಆದರೆ ಅವರ ಸೀಲು ಬೀರುವಿನಲ್ಲಿ, ಬೀರುವಿನ ಕೀಲಿ ರಜೆ ಮೇಲಿದ್ದ ಗುಮಾಸ್ತನ ಜೇಬಿನಲ್ಲಿ. ಸೀಲಿಲ್ಲದ ಸಹಿಗೆ ಬೆಲೆ ಇಲ್ಲ, ಆ ಜೆರಾಕ್ಸ್ ಅಷ್ಟೂ ದಂಡ. ಕೊನೆಗೆ ಪಶುವೈದ್ಯಾಧಿಕಾರಿಯೊಬ್ಬರು ಎಮ್ಮೆಗೆ ಇಂಜೆಕ್ಷನ್ ಕೊಟ್ಟು, ಕೈ ತೊಳೆದು ಬಂದು, ಒಂದೊಂದೇ ಒರಿಜಿನಲ್ ಜೊತೆ ತಾಳೆ ನೋಡಿ ಸಹಿ ಹಾಕಿದರು. ಹಸಿರು ಶಾಯಿಯಲ್ಲಿ. ಹಸಿರಿಲ್ಲದಿದ್ದರೆ ಅರ್ಜಿ ತಿರಸ್ಕಾರ, ನೆನಪಿರಲಿ.

ನಿವೃತ್ತ ಗುಮಾಸ್ತ: ಹಸಿರು ಶಾಯಿಯವರೇ, ನಿಮ್ಮ ಕಥೆ ಹಳೇ ಕಾಲದ್ದು. 2014ರಲ್ಲಿ ಕೇಂದ್ರ ಸರ್ಕಾರ ಸ್ವಯಂ ದೃಢೀಕರಣಕ್ಕೆ ಒತ್ತು ಕೊಟ್ಟ ಮೇಲೆ ಬಹಳ ಕಡೆ ಅರ್ಜಿದಾರರ ಸಹಿಯೇ ಸಾಕು, ಒರಿಜಿನಲ್ ಆಮೇಲೆ ನೋಡುತ್ತಾರೆ. ಆದರೆ ಎಲ್ಲ ಕಡೆ ಅಲ್ಲ. ಅರ್ಜಿಯ ಸೂಚನೆಯಲ್ಲಿ ‘ಗೆಜೆಟೆಡ್ ಅಧಿಕಾರಿಯಿಂದ’ ಅಂತ ಬರೆದಿದ್ದರೆ ಅದನ್ನೇ ಪಾಲಿಸಬೇಕು. ಅಲ್ಲಿ ಸ್ವಂತ ಸಹಿ ನಡೆಯುವುದಿಲ್ಲ.

ನನ್ನ ಟೇಬಲ್ಲಿಗೆ ಬರುತ್ತಿದ್ದ ಅರ್ಜಿಗಳಲ್ಲಿ ಜಾಸ್ತಿ ಎಡವಟ್ಟು ಎಲ್ಲಿ ಗೊತ್ತಾ? ಮೊದಲು ಸಹಿ ಹಾಕಿ ಆಮೇಲೆ ಜೆರಾಕ್ಸ್ ಮಾಡಿಸುತ್ತಾರೆ. ಆಗ ಸಹಿಯೂ ಜೆರಾಕ್ಸ್ ಆಗಿಬಿಡುತ್ತದೆ. ಬೆರಳಲ್ಲಿ ಮುಟ್ಟಿದರೆ, ಹಿಂದೆ ತಿರುಗಿಸಿದರೆ, ಪೆನ್ನು ಒತ್ತಿದ ಗುರುತೇ ಇರುವುದಿಲ್ಲ. ಅಂಥದ್ದನ್ನು ಪಕ್ಕಕ್ಕೆ ಇಡುತ್ತಿದ್ದೆವು. ಮೊದಲು ಜೆರಾಕ್ಸ್, ಆಮೇಲೆ ಪ್ರತಿ ಹಾಳೆಯ ಮೇಲೂ ‘ಮೂಲ ಪ್ರತಿಯ ನಕಲು’ ಅಂತ ಬರೆದು ಸಹಿ, ಹೆಸರು, ತಾರೀಕು. ಅಂಕಪಟ್ಟಿಗೆ ಎರಡು ಬದಿ ಇದ್ದರೆ ಎರಡಕ್ಕೂ. ಸಹಿ ಅರ್ಜಿಯಲ್ಲಿ ಇದ್ದ ಹಾಗೇ ಇರಬೇಕು. ಅಲ್ಲಿ ಕನ್ನಡ, ಇಲ್ಲಿ ಇಂಗ್ಲಿಷ್ ಆದರೆ ಪ್ರಶ್ನೆ ಬರುತ್ತದೆ.

ಇನ್ನು ಹಸಿರು ಶಾಯಿ. ಕೇಂದ್ರ ಸಚಿವಾಲಯದ ಕಚೇರಿ ಕೈಪಿಡಿಯ ಪ್ರಕಾರ ಜಂಟಿ ಕಾರ್ಯದರ್ಶಿ ಮಟ್ಟದಿಂದ ಮೇಲಿನವರು ಅಪರೂಪಕ್ಕೆ ಹಸಿರು ಬಳಸಬಹುದು, ಉಳಿದವರಿಗೆ ನೀಲಿ ಅಥವಾ ಕಪ್ಪು. ಸುಮ್ನೆ ಹೆದರಿಸಬೇಡಿ ಮಾರಾಯ್ರೇ.

ಹಸಿರು ಶಾಯಿ: ಕೈಪಿಡಿ ಓದಿಕೊಂಡು ಕೌಂಟರ್ ಮುಂದೆ ನಿಂತು ನೋಡಿ ಗುಮಾಸ್ತರೇ. ಕೌಂಟರಿನ ಒಳಗೆ ಕೂತವರಿಗೆ ಹೊರಗಿನ ಬಿಸಿಲು ಗೊತ್ತಾಗಲ್ಲ.

ಇಬ್ಬರು ಮಕ್ಕಳ ತಾಯಿ: ‘ಅರ್ಜಿದಾರ’ದ ಬಗ್ಗೆ ಯಾರೂ ಹೇಳಲೇ ಇಲ್ಲ, ನಾನು ಹೇಳುತ್ತೇನೆ. ಮಗಳ ವಿದ್ಯಾರ್ಥಿವೇತನದ ಅರ್ಜಿ. ಅವಳಿಗೆ ಆಗಿನ್ನೂ ಹದಿನೆಂಟು ಆಗಿರಲಿಲ್ಲ. ಅರ್ಜಿದಾರರು ಅವಳು, ಪೋಷಕರು ನಾನು. ಯಜಮಾನರು ‘ಸಹಿ ಹಾಕುವವರೇ ಅರ್ಜಿದಾರರು’ ಅಂತ ಹಟ ಹಿಡಿದು ತಮ್ಮ ಹೆಸರು ಬರೆದರು. ಮುಂದೆ ಜನ್ಮ ದಿನಾಂಕದ ಕಾಲಂನಲ್ಲಿ ಮಗಳದ್ದು, ಜಾತಿ ಪ್ರಮಾಣಪತ್ರದ ಸಂಖ್ಯೆಯಲ್ಲಿ ಅವರದ್ದು. ಹೆಸರಿಗೂ ಫೋಟೋಗೂ ತಾಳೆಯಿಲ್ಲ ಅಂತ ಅರ್ಜಿ ವಾಪಸ್. ಘೋಷಣೆಯಲ್ಲಿ ‘ನಾನು / ನನ್ನ ಮಗ / ನನ್ನ ಮಗಳು’ ಅಂತ ಇತ್ತು, ಬೇಡದ್ದನ್ನು ಗೀಟು ಎಳೆದು ಹೊಡೆಯಬೇಕಿತ್ತು. ಅವರು ಮೂರನ್ನೂ ಹಾಗೇ ಬಿಟ್ಟಿದ್ದರು. ಎರಡನೇ ಸಲ ಪೆನ್ನು ನಾನೇ ಹಿಡಿದೆ, ಹಣ ಬಂತು. ಇವತ್ತಿಗೂ ಅವರು ಒಪ್ಪಿಲ್ಲ.

ಕಾನೂನು ಗೊತ್ತು: ಘೋಷಣೆ ಅಂದರೆ ಅಫಿಡವಿಟ್. ಛಾಪಾ ಕಾಗದ ತಗೊಂಡು ನೋಟರಿ ಹತ್ತಿರ ಹೋಗಿ. ನಾನು ಹೆಸರಿನ ಇನಿಷಿಯಲ್ ತಿದ್ದುಪಡಿಗೆ ಮಾಡಿಸಿದ್ದು ಹಾಗೇ. ಛಾಪಾ ಕಾಗದದ ದುಡ್ಡು, ಟೈಪಿಂಗ್ ದುಡ್ಡು, ನೋಟರಿ ದುಡ್ಡು, ಮೇಲೆ ಗುರುತು ಹಿಡಿಯೋ ವಕೀಲರಿಗೆ ಬೇರೆ.

ನಿವೃತ್ತ ಗುಮಾಸ್ತ: ಅಯ್ಯೋ, ಪಾಪ ಆ ಹುಡುಗಿಯ ದುಡ್ಡು ಯಾಕೆ ಕಳೀತೀರಿ? ನಿಮಗೆ ಕೇಳಿದ್ದು ಹೆಸರಿನ ವ್ಯತ್ಯಾಸಕ್ಕೆ, ಅಲ್ಲಿ ಅಫಿಡವಿಟ್ ಸರಿ. ಅರ್ಜಿಯ ಕೊನೆಯ ಘೋಷಣೆ ಅಲ್ಲೇ ಅಚ್ಚಾಗಿರುತ್ತದೆ. ‘ಮೇಲಿನ ವಿವರಗಳು ನನಗೆ ತಿಳಿದ ಮಟ್ಟಿಗೆ ಸತ್ಯ’ ಅಂತ ಶುರು. ಕೆಳಗೆ ಸ್ಥಳ, ದಿನಾಂಕ, ಸಹಿ. ನೋಟರಿ ಬೇಕಿದ್ದರೆ ಅರ್ಜಿಯಲ್ಲೇ ಹೇಳಿರುತ್ತಾರೆ. ಎಲ್ಲ ಕಾಲಂ ತುಂಬಿದ ಮೇಲೇ ಅಲ್ಲಿ ಸಹಿ ಹಾಕಬೇಕು.

ಕಾನೂನು ಗೊತ್ತು: ಅಂದ್ರೆ ನನ್ನ ವಕೀಲರು ನನಗೆ ಟೋಪಿ ಹಾಕಿದ್ರು ಅಂತ ನಿಮ್ಮ ಮಾತಾ?

ಸೆಲೆಕ್ಟ್ ಆದವನು: ಘೋಷಣೆಯನ್ನು ಹಗುರವಾಗಿ ತಗೋಬೇಡಿ. ಆಯ್ಕೆ ಆದ ಮೇಲೆ ‘ಅಟೆಸ್ಟೇಷನ್ ಫಾರಂ’ ಅಂತ ಇನ್ನೊಂದು ಬರುತ್ತದೆ. ಅದಕ್ಕೂ ಅಂಕಪಟ್ಟಿಯ ಅಟೆಸ್ಟೆಡ್‌ಗೂ ಸಂಬಂಧ ಇಲ್ಲ. ಕೇಸು ಇದೆಯಾ, ಬಂಧನ ಆಗಿತ್ತಾ ಅಂತ ಕೇಳಿ, ಪೊಲೀಸರಿಂದ ಪರಿಶೀಲನೆ ಮಾಡಿಸುತ್ತಾರೆ. ಕಾಲೇಜಿನಲ್ಲಿ ಧರಣಿ ಕೂತಿದ್ದಕ್ಕೆ ನನ್ನ ಮೇಲೆ ಒಂದು ಕೇಸಿತ್ತು, ಖುಲಾಸೆ ಆಗಿತ್ತು. ಗೆಳೆಯರೆಲ್ಲ ‘ಇಲ್ಲ ಅಂತ ಬರಿ’ ಅಂದರು. ನಾನು ಇದ್ದದ್ದು ಬರೆದು ತೀರ್ಪಿನ ಪ್ರತಿ ಇಟ್ಟೆ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ: ಶಿಕ್ಷೆ, ಖುಲಾಸೆ, ಬಂಧನ, ಬಾಕಿ ಕೇಸು ಏನೇ ಇದ್ದರೂ ಮುಚ್ಚಿಡಬಾರದು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ವಿಷಯವನ್ನು ಮುಚ್ಚಿಟ್ಟಿದ್ದರೆ ಅದನ್ನು ಮನ್ನಿಸುವುದು ಕೆಲಸ ಕೊಡುವವರ ವಿವೇಚನೆ. ನನ್ನ ಆದೇಶ ತಡವಾಯಿತು, ಜೊತೆಯವರಿಗೆ ಸೀನಿಯಾರಿಟಿ ಸಿಕ್ಕಿತು. ಹೊಟ್ಟೆ ಉರಿಯುತ್ತದೆ, ಆದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಚಲನ್ ಸಂತ್ರಸ್ತ: ಕೌಂಟರ್‌ಫಾಯಿಲ್ ವಿಷಯಕ್ಕೆ ಬನ್ನಿ, ಅಂದರೆ ದುಡ್ಡು ಕಟ್ಟಿದ್ದಕ್ಕೆ ಸಾಕ್ಷಿಯಾಗಿ ಉಳಿಯುವ ಚಲನ್ ತುಂಡು. ನನ್ನ ಚಲನ್ ಒಂದೇ ಹಾಳೆಯಲ್ಲಿ ಮೂರು ತುಂಡು: ಬ್ಯಾಂಕಿನದು, ಇಲಾಖೆಯದು, ನನ್ನದು. ಮೂರರಲ್ಲೂ ಒಂದೇ ವಿವರ ನಾನೇ ತುಂಬಬೇಕು. ಬ್ಯಾಂಕಿನವರು ತಮ್ಮ ತುಂಡು ಹರಿದುಕೊಂಡು ಉಳಿದೆರಡಕ್ಕೆ ಸೀಲು ಹೊಡೆದರು. ಇಲಾಖೆಯ ತುಂಡಿನ ಮೇಲೆ ಸೀಲು ಅರ್ಧ ಬಿದ್ದಿತ್ತು, ದಿನಾಂಕ ಕಾಣಲಿಲ್ಲ. ಕೊನೆಯ ದಿನಾಂಕಕ್ಕಿಂತ ಮುಂಚೆ ಕಟ್ಟಿದ್ದು ಅಂತ ಹೇಗೆ ಸಾಬೀತು ಮಾಡಲಿ? ನನ್ನ ತುಂಡು ತೋರಿಸಿದರೆ ‘ಅದು ನಿಮ್ಮದು, ನಮ್ಮದು ತನ್ನಿ’ ಅಂತಾರೆ! ಶುಲ್ಕವೂ ಹೋಯಿತು, ಪರೀಕ್ಷೆಯೂ ಹೋಯಿತು. ತಂಗೀ, ಬ್ಯಾಂಕಿನ ಕಿಟಕಿ ಬಿಟ್ಟು ಅಲುಗಾಡುವ ಮುಂಚೆ ಮೂರು ನೋಡು: ಸೀಲಿನ ದಿನಾಂಕ, ಚಲನ್ ಸಂಖ್ಯೆ, ಕ್ಯಾಷಿಯರ್ ಸಹಿ. ಯಾವ ತುಂಡು ಅರ್ಜಿಗೆ ಅನ್ನೋದು ಅದರ ತಲೆ ಮೇಲೆಯೇ ಅಚ್ಚಾಗಿರುತ್ತದೆ.

ಹಸಿರು ಶಾಯಿ: ಅರ್ಜಿ ಕೊಟ್ಟಾಗ ಸಿಗುವ ಚೀಟಿಯೂ ಕೌಂಟರ್‌ಫಾಯಿಲ್ಲೇ ಅಲ್ವಾ?

ಚಲನ್ ಸಂತ್ರಸ್ತ: ಅಲ್ಲ ಸ್ವಾಮಿ, ಅದು ಸ್ವೀಕೃತಿ ಚೀಟಿ. ದುಡ್ಡು ಕಟ್ಟಿದ್ದಕ್ಕೆ ಒಂದು, ಅರ್ಜಿ ಮುಟ್ಟಿದ್ದಕ್ಕೆ ಒಂದು. ಒಂದನ್ನು ತೋರಿಸಿ ಇನ್ನೊಂದರ ಕೆಲಸ ಆಗಲ್ಲ.

ಇಬ್ಬರು ಮಕ್ಕಳ ತಾಯಿ: ಆ ಸ್ವೀಕೃತಿ ಚೀಟಿಯನ್ನೂ ಯಜಮಾನರು ಅರ್ಜಿ ಜೊತೆಗೇ ಪಿನ್ ಹೊಡೆದು ಕೊಟ್ಟು ಬಂದಿದ್ದರು. ಹೇಳಲು ಮರೆತಿದ್ದೆ.

ಕಾನೂನು ಗೊತ್ತು: ಗುಮಾಸ್ತರೇ, ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಹೊಸಬಳು: ಸೂಚನೆ ಮತ್ತೆ ಓದಿದೆ. ‘ಸ್ವಯಂ ದೃಢೀಕರಿಸಿದ’ ಅಂತ ಎಲ್ಲೂ ಇಲ್ಲ, ‘ಗೆಜೆಟೆಡ್’ ಅಂತಲೂ ಇಲ್ಲ. ಬರೀ ‘ದೃಢೀಕೃತ’, ಅಂದರೆ ಅದೇ ಅಟೆಸ್ಟೆಡ್. ಈಗ?

ನಿವೃತ್ತ ಗುಮಾಸ್ತ: ಅಧಿಸೂಚನೆಯ ಕೆಳಗೆ ಸಹಾಯವಾಣಿ ಇದ್ದರೆ ಕೇಳಮ್ಮ. ಇಲ್ಲದಿದ್ದರೆ ನಾನಾದರೆ ಸ್ವಂತ ಸಹಿ ಹಾಕಿ ಕಳಿಸುತ್ತಿದ್ದೆ.

ಹಸಿರು ಶಾಯಿ: ನಾನಾದರೆ ಪಶುವೈದ್ಯರ ಹತ್ತಿರ ಹೋಗುತ್ತಿದ್ದೆ.