ಸಹಾಯ ಬೇಕು: 1 ಕೆಜಿ ಕೋಳಿ ಸಾರಿನ ಅಳತೆ 3 ಕೆಜಿಗೆ ಹೇಗೆ?

ಎಲ್ಲರಿಗೂ ನಮಸ್ಕಾರ. ಭಾನುವಾರ ವಿಜಯನಗರದ ನಮ್ಮ ಮನೆಗೆ ನೆಂಟರು ಬರ್ತಿದ್ದಾರೆ, ಮುದ್ದೆ ಜೊತೆ ಕೋಳಿ ಸಾರು. ಮಾಮೂಲಿಯಾಗಿ 1 ಕೆಜಿ ಕೋಳಿಗೆ 4 ಈರುಳ್ಳಿ, 3 ಲೋಟ ನೀರು ಹಾಕಿ 4 ಲೀಟರ್ ಪಾತ್ರೆಯಲ್ಲಿ ಮಾಡ್ತೀನಿ. ಕುದಿ ಬಂದ ಮೇಲೆ ಅರ್ಧ ಗಂಟೆ ಸಾಕು.

12 ಈರುಳ್ಳಿ ಒಟ್ಟಿಗೆ ಸುರಿದರೆ ನೀರು ಬಿಟ್ಟು ಬೇಯುತ್ತೆ, ಕೆಂಪಗಾಗಲ್ಲ. ಹಾಗಾಗಿ ಅಗಲ ಬಾಣಲೆಯಲ್ಲಿ ಎರಡು ಸಲ ಹುರಿದು, ಮಸಾಲೆಯನ್ನೂ ಅದರಲ್ಲೇ ಬಾಡಿಸಿಕೊಳ್ತೀನಿ. ನೀರು 9 ಲೋಟ ಬೇಡ, 6 ಲೋಟದಿಂದ ಶುರು ಮಾಡೋಣ ಅಂತ. ಅಳತೆ ಮೂರು ಪಟ್ಟಾದರೂ ಆವಿ ಅಷ್ಟು ಹೋಗಲ್ಲ, ಕೋಳಿಯೂ ನೀರು ಬಿಡುತ್ತೆ. ಕುದಿ ಬರೋಕೆ ಹೊತ್ತಾಗುತ್ತೆ, ಆದರೆ ಬಂದ ಮೇಲೆ ಬೇಯೋ ಹೊತ್ತು ಹೆಚ್ಚುಕಡಿಮೆ ಅಷ್ಟೇ ಅಲ್ವಾ?

ಗೊಂದಲ ಇರೋದು ಪಾತ್ರೆಯದು. 10 ಲೀಟರಿನ ಎತ್ತರದ ದಬರಿ ಇದೆ, ತಳ ತೆಳು. ನಮ್ಮ ಒಲೆಯ ಬರ್ನರ್ ಚಿಕ್ಕದು, ಉರಿ ನಡುವೆ ಮಾತ್ರ ತಾಗುತ್ತೆ. ಅಲ್ಲಿ ಮಸಾಲೆ ತಳ ಹಿಡಿದು, ಮೇಲಿನ ತುಂಡು ಅರೆಬೆಂದೇ ಉಳಿದರೆ? ಕೆಳಗೆ ದೋಸೆ ಕಾವಲಿ ಇಟ್ಟರೆ ಉರಿ ಹರಡುತ್ತಾ? ಇಲ್ಲಾ 5 ಲೀಟರಿನ ಎರಡು ಪಾತ್ರೆಗೆ ಹಂಚಿ ಎರಡು ಒಲೆಯಲ್ಲಿ ಇಡೋದೇ ವಾಸಿನಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.